ಹನ್ನೆರಡಕ್ಕಿಂತ ಕಡಿಮೆ ಇದ್ದ ಹದಿನೆಂಟು

ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ಚಿಕ್ಕೋಡಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾನು ಬಂಗಾರದ ಸಾಲದ ಕೌಂಟರಿನಲ್ಲಿ ಕೂರುತ್ತಿದ್ದೆ. ಮನೆ ನಿಪ್ಪಾಣಿಯಲ್ಲಿ. ದಿನಾ ಬೆಳಿಗ್ಗೆ ತಂಬಾಕಿನ ವಾಸನೆಯ ಊರಿನಿಂದ ಬಸ್ಸು ಹಿಡಿದು ಬರುವುದು, ಸಂಜೆ ಅದೇ ವಾಸನೆಗೆ ಮರಳುವುದು. ನಿಪ್ಪಾಣಿಯವಳಾದ್ದರಿಂದ ಕನ್ನಡ, ಮರಾಠಿ ಎರಡೂ ನನ್ನ ಬಾಯಲ್ಲಿ ಒಂದೇ ಸಮ ಓಡುತ್ತಿದ್ದವು. ಆ ಕಾರಣಕ್ಕೇ ಒಂದು ದಸರೆಯ ಮುಂಚೆ ನನ್ನ ಧ್ವನಿ ಜೀಪು ಹತ್ತಿತು.

ಹಬ್ಬದ ಹೊತ್ತಿಗೆ ಎಲ್ಲ ಸೊಸೈಟಿಗಳೂ ಸಾಲದ ಜಾಹೀರಾತು ಮಾಡುತ್ತಿದ್ದವು. ಗೋಡೆಯ ಮೇಲೆ ಬರೆಸುವವರು, ಟಾಕೀಜಿನಲ್ಲಿ ಸ್ಲೈಡು ಹಾಕಿಸುವವರು, ಸಂತೆಯಲ್ಲಿ ಕರಪತ್ರ ಹಂಚುವವರು. ನಮ್ಮ ಬ್ಯಾಂಕಿನ ಅಧ್ಯಕ್ಷರು ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಮನೆತನದವರು. ಅವರಿಗೆ ಧ್ವನಿವರ್ಧಕದ ಮೇಲೆ ಭಾರಿ ನಂಬಿಕೆ. "ಓದಾಕ ಬರದವರಿಗೂ ಕಿವಿ ಇರ್ತಾವ್ರಿ" ಅನ್ನುತ್ತಿದ್ದರು. ಆ ಮಾತನ್ನು ನಾನು ಇವತ್ತಿಗೂ ಒಪ್ಪುತ್ತೇನೆ.

ನಿಪ್ಪಾಣಿಯ ಒಂದು ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಚಾದರ ಕಟ್ಟಿ, ನನ್ನಿಂದ ಓದಿಸಿದರು. "ಹಬ್ಬಕ್ಕೆ ಬಂಗಾರದಂಥ ಸುದ್ದಿ! ನಿಮ್ಮ ಬಂಗಾರ ನಮ್ಮಲ್ಲಿ ಭದ್ರ, ಹಣ ನಿಮ್ಮ ಕೈಯಲ್ಲಿ! ಬಂಗಾರದ ಸಾಲಕ್ಕೆ ಶೇಕಡಾ ಹದಿನಾರು, ವೈಯಕ್ತಿಕ ಸಾಲಕ್ಕೆ ಶೇಕಡಾ ಹದಿನೆಂಟು ಬಡ್ಡಿ ಮಾತ್ರ! ಇಂದೇ ಬನ್ನಿ, ಕೂಡಲೇ ಸಾಲ!" ಮೊದಲು ಕನ್ನಡ, ಆಮೇಲೆ ಮರಾಠಿ, ನಡುವೆ ಶಹನಾಯಿ. ಒಂದು ನಿಮಿಷವೂ ಇರಲಿಲ್ಲ. ನನಗೆ ನನ್ನ ಧ್ವನಿ ಕೇಳಿ ನಗು ಬಂತು, ಖುಷಿಯೂ ಆಯಿತು. ಜೀಪು ಚಿಕ್ಕೋಡಿ, ರಾಯಬಾಗ, ಅಥಣಿಯ ಊರೂರು ತಿರುಗತೊಡಗಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು ಬ್ಯಾಂಕಿಗೆ ಬಂದರು. ಮನೆಯ ಮಾಳಿಗೆ ದುರಸ್ತಿಗೆ ಹತ್ತು ಸಾವಿರ ಬೇಕಾಗಿತ್ತು. ಆದರೆ ಅವರು ಸಾಲ ಕೇಳಲಿಲ್ಲ, ಜಗಳ ತೆಗೆದರು.

"ಬಾಜಾರದಾಗ ಆ ಸೊಸೈಟಿಯವರು ಹನ್ನೆರಡು ಅಂತ ಬೋರ್ಡ್ ಹಚ್ಚ್ಯಾರ. ನೀವು ಹದಿನೆಂಟು ಅಂತ ಮೈಕಿನ್ಯಾಗ ಒದರಾಕತ್ತೀರಿ. ನಾಚಿಕಿ ಬ್ಯಾಡೇನ್ರಿ?"

ನನ್ನ ಕೆಲಸ ಬಂಗಾರದ ಕಡೆಯದು, ಕಂತಿನ ಸಾಲದ್ದಲ್ಲ. ಆದರೆ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿತು. ಅವರು ಆರು ರೂಪಾಯಿ ಕಡಿಮೆಗೆ ಹೇಗೆ ಕೊಡುತ್ತಾರೆ? ಅವರೇನು ಠೇವಣಿಗೆ ಬಡ್ಡಿ ಕೊಡುವುದಿಲ್ಲವೇ? ಬೋರ್ಡು ನೋಡಿದರೆ ನಮಗಿಂತ ಹೆಚ್ಚೇ ಕೊಡುತ್ತಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಆ ಸೊಸೈಟಿಗೆ ಹೋದೆ. ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯವರು, ನೀರು ಕೊಟ್ಟು ಕೂರಿಸಿದರು.

"ಹತ್ತು ಸಾವಿರ ತಗೊಂಡ್ರ ತಿಂಗಳಾ ಎಷ್ಟ ಕಟ್ಟಬೇಕ್ರಿ?" ಎಂದು ಕೇಳಿದೆ.

"ಒಂದು ವರ್ಸಕ್ಕ ಬಡ್ಡಿ ಹನ್ನೆರಡು ನೂರು. ಅಸಲು, ಬಡ್ಡಿ ಕೂಡಿಸಿ ಹನ್ನೆರಡು ಭಾಗ ಮಾಡ್ರಿ. ಒಂಬೈನೂರಾ ಮೂವತ್ತಮೂರು ರೂಪಾಯಿ, ಮ್ಯಾಲ ಚಿಲ್ಲರ."

"ಮತ್ತ ನಾ ತಿಂಗಳಾ ತಿಂಗಳಾ ಅಸಲು ತೀರಿಸ್ಕೋತ ಬರ್ತೀನಲ್ರಿ? ಕಡೀ ತಿಂಗಳದಾಗ ನನ್ನ ಕಡೆ ನಿಮ್ಮ ರೊಕ್ಕ ಸಾವಿರನೂ ಇರಂಗಿಲ್ಲ."

"ಹೌದ್ರಿ. ಆದ್ರ ಬಡ್ಡಿ ಪೂರಾ ಹತ್ತು ಸಾವಿರದ ಮ್ಯಾಲ. ಇದಕ ಫ್ಲ್ಯಾಟ್ ರೇಟ್ ಅಂತಾರ."

"ಬೋರ್ಡಿನ್ಯಾಗ ಅದು ಇಲ್ಲಲ್ರಿ?"

ಅವರು ಬೋರ್ಡಿನ ಕಡೆ ನೋಡಿದರು. "ಯಾರೂ ಕೇಳಿಲ್ರಿ" ಅಂದರು. ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. ಕೇಳಿದ ಕೂಡಲೇ ಹೇಳಿದರು. ಅರ್ಜಿಯ ಖರ್ಚು ಅಂತ ನೂರಕ್ಕೆ ಎರಡು ರೂಪಾಯಿ ಮೊದಲೇ ಮುರಿದುಕೊಳ್ಳುತ್ತೇವೆ ಎಂಬುದನ್ನೂ ಹೇಳಿದರು.

ಓಡಿಕೊಂಡು ಬಂದು ನಮ್ಮ ಮ್ಯಾನೇಜರ್ ಸಾಹೇಬರ ಮುಂದೆ ನಿಂತೆ. ಅವರು ಧಾರವಾಡ ಕಡೆಯವರು, ಮಾತು ಕಡಿಮೆ, ರೊಟ್ಟಿ ಡಬ್ಬಿ ತೆರೆದಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ತೊಳೆದುಕೊಂಡರು. ಕಂತಿನ ಕೋಷ್ಟಕದ ಪುಸ್ತಕ ತೆಗೆದು, "ನಮ್ಮ ಹದಿನೆಂಟಕ್ಕ ಕಂತು ಎಷ್ಟ ಬರ್ತೈತಿ ನೀವ ನೋಡ್ರಿ" ಅಂದರು.

ನೋಡಿದೆ. ಒಂಬೈನೂರಾ ಹದಿನೇಳು.

ಇನ್ನೊಮ್ಮೆ ನೋಡಿದೆ. ಸಾಲು ತಪ್ಪಿರಬಹುದು ಎಂದು ಅಳತೆಪಟ್ಟಿ ಇಟ್ಟು ನೋಡಿದೆ. ಹದಿನೇಳೇ. ನಮ್ಮಲ್ಲಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಮೊದಲ ತಿಂಗಳು ಹತ್ತು ಸಾವಿರಕ್ಕೆ ನೂರೈವತ್ತು, ಮುಂದಿನ ತಿಂಗಳು ಅದಕ್ಕಿಂತ ಕಡಿಮೆ, ಹೀಗೆ ಇಳಿಯುತ್ತ ಇಳಿಯುತ್ತ ವರ್ಷದ ಬಡ್ಡಿ ಸಾವಿರದ ಆಸುಪಾಸಿಗೆ ನಿಲ್ಲುತ್ತಿತ್ತು. ಅವರದು ಹನ್ನೆರಡು ನೂರು. ಹದಿನೆಂಟು ಎಂಬ ದೊಡ್ಡ ಅಂಕಿ ಹನ್ನೆರಡು ಎಂಬ ಸಣ್ಣ ಅಂಕಿಗಿಂತ ಕಡಿಮೆ ಆಗಿತ್ತು! ಅವರ ಹನ್ನೆರಡನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಇಪ್ಪತ್ತೊಂದೂವರೆಯ ಹತ್ತಿರ ಹೋಗುತ್ತದೆ ಎಂದು ಸಾಹೇಬರು ಪೆನ್ಸಿಲಿನಿಂದ ಮಾಡಿ ತೋರಿಸಿದರು. ಅರ್ಜಿ ಖರ್ಚು ಸೇರಿಸಿದರೆ ಇನ್ನೂ ಮೇಲೆ. ಬಿ.ಕಾಂ. ಓದಿದವಳು ನಾನು. ಪರೀಕ್ಷೆಯಲ್ಲಿ ಇಂಥ ಲೆಕ್ಕ ಬಿಡಿಸಿದ್ದೆ. ಆದರೆ ಬಾಜಾರದ ಗೋಡೆಯ ಮೇಲೆ ಅದು ಹೀಗೆ ಕುಳಿತಿರುತ್ತದೆ ಎಂದು ಎಂದೂ ಅಂದುಕೊಂಡಿರಲಿಲ್ಲ.

"ಹಂಗಾದ್ರ ಮಾಸ್ತರಿಗೆ ಹೇಳೂಣ್ರಿ, ನಾವ ಸೋವಿ ಅಂತ!" ಎಂದೆ.

ಸಾಹೇಬರು ನಗಲಿಲ್ಲ. "ಹೇಳೂಣ. ಆದ್ರ ಹತ್ತು ಸಾವಿರ ಸಾಲ ಅಂದ್ರ ನಾವು ಮಾಸ್ತರ ಕೈಯಾಗ ಎಷ್ಟ ಕೊಡ್ತೀವಿ? ವೈಯಕ್ತಿಕ ಸಾಲಕ್ಕ ನೂರಕ್ಕ ಐದು ಬ್ಯಾಂಕಿನ ಶೇರಿಗೆ ಮುರಕೋತೀವಿ. ಕೈಗೆ ಬರೂದು ಒಂಬತ್ತೂವರಿ ಸಾವಿರ. ಶೇರಿನ ರೊಕ್ಕ ಅವರದ, ಮುಂದ ವಾಪಸ್ ಸಿಗ್ತೈತಿ, ಲಾಭ ಬಂದ್ರ ಡಿವಿಡೆಂಡೂ ಬರ್ತೈತಿ. ಖರೆ. ಆದ್ರ ಕ್ಯಾಸೆಟ್ಟಿನ್ಯಾಗ ನೀವು ಅದನ್ನ ಹೇಳೀರೇನು?"

ಬರೆದುಕೊಟ್ಟಿದ್ದನ್ನು ಓದಿದ್ದೆ ಅಷ್ಟೇ. ಆದರೆ ಆವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಹೋಗುವಾಗ ಗೋಡೆಯ ಮೇಲಿನ ಪ್ರತಿ ಜಾಹೀರಾತನ್ನು ಓದಿ, ಇದರಲ್ಲಿ ಏನು ಹೇಳಿಲ್ಲ ಎಂದು ಹುಡುಕುವುದು. "ಬಡ್ಡಿ ಬರೇ ಒಂದೂವರಿ ರೂಪಾಯಿ." ತಿಂಗಳಿಗೋ, ವರ್ಷಕ್ಕೋ? "ಎಲ್ಲರಿಗೂ ಸಾಲ." ಯಾರು ಎಲ್ಲರು? "ಯಾವುದೇ ಖರ್ಚಿಲ್ಲ" ಎಂದ ಕಡೆ, ಬಂಗಾರ ನೋಡುವ ಪತ್ತಾರನಿಗೆ ಯಾರು ಕೊಡುತ್ತಾರೆ? ಪಕ್ಕದಲ್ಲಿ ಕೂತವರಿಗೆ ನನ್ನ ತುಟಿ ಅಲುಗುವುದು ಕಂಡಿರಬೇಕು.

ಆ ವಾರವೇ ಕರೋಶಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಐವತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಸೆರಗಿನ ತುದಿಯಲ್ಲಿ ಗಂಟು. ಮನೆಯಲ್ಲಿ ಎರಡು ಎಕರೆ ಹೊಲ, ಹತ್ತಾರು ಆಡು. ದೀಪಾವಳಿಗೆ ಮುಂಚೆ ಒಂದು ಪಂಢರಪುರಿ ಎಮ್ಮೆ ಕೊಳ್ಳಬೇಕೆಂದು ಮನಸ್ಸು ಮಾಡಿದ್ದಳು. ಸಂಕಟಕ್ಕೆ ಬಂದವಳಲ್ಲ, ಹಾಲನ್ನು ಡೇರಿಗೆ ಹಾಕಿ ಕಂತು ತೀರಿಸುವ ಲೆಕ್ಕ ಮೊದಲೇ ಮಾಡಿಕೊಂಡಿದ್ದಳು. ಗಂಟು ಬಿಚ್ಚಿದಾಗ ಬಂಗಾರದ ಗುಂಡುಗಳ ಬೋರಮಾಳ ಹೊರಗೆ ಬಂತು, ಅವಳ ತವರಿನದು.

ನಮ್ಮ ಪತ್ತಾರರು ಅದನ್ನು ಒರೆಗಲ್ಲಿಗೆ ಉಜ್ಜಿದರು, ತಕ್ಕಡಿಗೆ ಹಾಕಿದರು. ಆಮೇಲೆ ಅಂದರು, "ಗುಂಡಿನೊಳಗ ಅರಗು ಐತವ್ವಾ. ಅದನ್ನ ಕಳದು, ದಾರ ಕಳದು ಬಂಗಾರ ಅಷ್ಟ ಹಿಡೀಬೇಕು."

ತಕ್ಕಡಿ ತೋರಿಸಿದ್ದಕ್ಕೂ ಪತ್ತಾರರು ಬರೆದಿದ್ದಕ್ಕೂ ಬಹಳ ಅಂತರವಿತ್ತು. ಆ ನಿವ್ವಳ ತೂಕದ ಬೆಲೆಯಲ್ಲಿ ನೂರಕ್ಕೆ ಎಪ್ಪತ್ತು ಮಾತ್ರ ಸಾಲ. ಪತ್ತಾರರ ಶುಲ್ಕ ಬೇರೆ. ಅವಳು ನಮ್ಮ ಸದಸ್ಯಳಲ್ಲ. ಬಂಗಾರದ ಸಾಲಕ್ಕೆ ನಾಮಮಾತ್ರ ಸದಸ್ಯಳಾದರೆ ಸಾಕು, ಸಣ್ಣ ಶುಲ್ಕ. ಆದರೆ ರೇಷನ್ ಕಾರ್ಡು, ಎರಡು ಫೋಟೋ, ಗುರುತು ಹೇಳಲು ನಮ್ಮ ಸದಸ್ಯರೊಬ್ಬರು ಬೇಕು. ಅವಳ ಹತ್ತಿರ ಇದ್ದದ್ದು ಬೋರಮಾಳ ಮತ್ತು ಬಸ್ಸಿನ ಟಿಕೇಟು.

ನಾನು ಒಂದೊಂದೇ ಹೇಳುತ್ತಾ ಹೋದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ಕೇಳಿದಳು.

"ಜೀಪಿನ್ಯಾಗ ಮಾತಾಡಿದಾಕಿ ನೀನ ಹೌದಲ್ಲ ತಂಗಿ?"

"ಹೌದ್ರಿ ಅವ್ವಾರ."

"ಧ್ವನಿ ಕೇಳಿ ಗುರ್ತ ಹಿಡದೆ. ಅಲ್ಲಿ ಇದು ಯಾವುದೂ ಹೇಳಲಿಲ್ಲಲ್ಲ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಅಲ್ಲಿ ಹೇಳಿದವಳೂ ನಾನೇ, ಇಲ್ಲಿ ಕೂತವಳೂ ನಾನೇ. ಅಲ್ಲಿ ಒಂದು, ಇಲ್ಲಿ ಒಂದು ಯಾಕೆ? ಬೋರಮಾಳವನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು. "ಬಸ್ಸಿನ ರೊಕ್ಕ ಹ್ವಾದ್ರ ಹೋಗ್ಲಿ. ಇವತ್ತ ಆಡು ಮೇಯಿಸಾಕ ಬ್ಯಾರೆಯವರಿಗೆ ಕೈ ಮುಗದು ಬಂದೀನಿ" ಅಂದಳು. ಎರಡು ದಿನ ಬಿಟ್ಟು ಎಲ್ಲ ಕಾಗದ ಹೊಂದಿಸಿಕೊಂಡು, ಊರಿನ ಸದಸ್ಯರೊಬ್ಬರನ್ನು ಕರೆದುಕೊಂಡು ಬಂದಳು, ಸಾಲ ಆಯಿತು, ಎಮ್ಮೆಯೂ ಬಂತು. ಬೋರಮಾಳದಲ್ಲಿ ಅಂದುಕೊಂಡಷ್ಟು ಸಾಲ ಹುಟ್ಟದೆ ಎರಡು ಆಡು ಮಾರಬೇಕಾಯಿತು ಎಂದು ಆಮೇಲೆ ತಿಳಿಯಿತು.

ಈ ಸಂಗತಿಯನ್ನು ಮ್ಯಾನೇಜರ್ ಸಾಹೇಬರು ಅಧ್ಯಕ್ಷರ ಮುಂದೆ ಇಟ್ಟರು. ನಾನೂ ಇದ್ದೆ.

"ಇಷ್ಟೆಲ್ಲ ಮೈಕಿನ್ಯಾಗ ಹೇಳಿದ್ರ ಯಾರ ಬರ್ತಾರ್ರಿ ಸಾಹೇಬ್ರ?" ಅಂದರು ಅಧ್ಯಕ್ಷರು. "ಮದುವಿ ಮಾತುಕತಿಗೆ ಹ್ವಾದಾಗ ಹುಡುಗನ ಬ್ಯಾನಿ ಬ್ಯಾಸರಕಿ ಎಲ್ಲ ಹೇಳ್ತೇವೇನು?"

"ಹೇಳದಿದ್ರ ಮದುವಿ ಆದ ಮ್ಯಾಲ ಗೊತ್ತಾಕ್ಕೈತಲ್ರಿ" ಅಂದರು ಸಾಹೇಬರು.

ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. ನಕ್ಕವರು ಒಪ್ಪಿದ ಹಾಗೆ ಎಂದು ನಾನು ಅಂದುಕೊಂಡೆ, ಆದರೆ ಅವರು ಅಷ್ಟು ಸುಲಭದ ಆಸಾಮಿ ಅಲ್ಲ. "ಹದಿನೆಂಟು ಅಂತ ಹೇಳಬ್ಯಾಡ್ರಿ ಹಂಗಾರ. ಬರೇ ಕಂತು ಹೇಳ್ರಿ. ಒಂಬೈನೂರಾ ಹದಿನೇಳು ಚಲೋ ಕೇಳಸ್ತೈತಿ" ಅಂದರು.

ಸಾಹೇಬರು ಒಪ್ಪಲಿಲ್ಲ. ಬಡ್ಡಿಯ ದರವನ್ನೂ ಹೇಳಬೇಕು, ಅದು ವರ್ಷಕ್ಕೆ ಎಂದೂ ಹೇಳಬೇಕು, ಉಳಿದ ಅಸಲಿನ ಮೇಲೆ ಎಂದೂ ಹೇಳಬೇಕು, ಕಂತನ್ನೂ ಹೇಳಬೇಕು. ಒಂದನ್ನು ಹೇಳಿ ಒಂದನ್ನು ಬಿಟ್ಟರೆ ನಾವೂ ಆ ಬೋರ್ಡಿನ ಹಾಗೇ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಅಧ್ಯಕ್ಷರು, "ದೀಪಾವಳಿ ತನಕ ಒಂದ ಜೀಪು. ನೋಡೂಣು" ಅಂದರು. ಶಹನಾಯಿ ಮಾತ್ರ ತೆಗೆಯಬಾರದು ಎಂದು ಷರತ್ತು ಹಾಕಿದರು.

ಹೊಸ ಮಾತು ಬರೆಯುವ ಕೆಲಸ ನನಗೇ ಬಂತು. ಅಷ್ಟು ಕಷ್ಟದ ಬರವಣಿಗೆಯನ್ನು ನಾನು ಮತ್ತೆಂದೂ ಮಾಡಿಲ್ಲ. "ಇಳಿಕೆ ಶಿಲ್ಕಿನ ಮೇಲೆ ಬಡ್ಡಿ" ಎಂದು ಬರೆದರೆ ನಮ್ಮ ಜವಾನರಿಗೇ ತಿಳಿಯಲಿಲ್ಲ. "ಎಷ್ಟು ಉಳಿದಿದೆಯೋ ಅಷ್ಟಕ್ಕೇ ಬಡ್ಡಿ" ಎಂದಾಗ ತಿಳಿಯಿತು. ಮರಾಠಿಗೆ ಹೋದಾಗ ಮತ್ತೆ ಬೇರೆ ಪೇಚಾಟ. ಒಂದು ಭಾಷೆಯಲ್ಲಿ ಸರಳವಾದದ್ದು ಇನ್ನೊಂದರಲ್ಲಿ ಕೋರ್ಟಿನ ನೋಟಿಸಿನ ಹಾಗೆ ಕೇಳುತ್ತಿತ್ತು. ನನ್ನ ತಾಯಿ ರೊಟ್ಟಿ ತಟ್ಟುತ್ತ ಕೇಳಿ, ತಿಳಿಯದ ಕಡೆಯಲ್ಲೆಲ್ಲ "ಏನಂದಿ?" ಅನ್ನುತ್ತಿದ್ದಳು. ಅವಳು "ಏನಂದಿ" ಅಂದ ಮಾತನ್ನೆಲ್ಲ ಬದಲಾಯಿಸಿದೆ.

ಕಡೆಗೆ ಉಳಿದದ್ದು ಹೀಗಿತ್ತು: "ಬಂಗಾರದ ಸಾಲ. ಬಡ್ಡಿ ವರ್ಷಕ್ಕೆ ನೂರಕ್ಕೆ ಹದಿನಾರು. ಅರಗು, ಹರಳು, ದಾರ ಕಳೆದು ತೂಕ. ಆ ಬೆಲೆಯಲ್ಲಿ ನೂರಕ್ಕೆ ಎಪ್ಪತ್ತರವರೆಗೆ ಸಾಲ. ಪತ್ತಾರರ ಶುಲ್ಕ ಮತ್ತು ಸದಸ್ಯತ್ವದ ಶುಲ್ಕ ಬೇರೆ. ರೇಷನ್ ಕಾರ್ಡು, ಎರಡು ಫೋಟೋ, ಗುರುತಿನ ಸದಸ್ಯರು ಬೇಕು. ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸು ಕೊಟ್ಟು ಲಿಲಾವು ಮಾಡಲಾಗುತ್ತದೆ. ವೈಯಕ್ತಿಕ ಸಾಲ. ಪಗಾರ ಇರುವವರಿಗೆ, ಇಬ್ಬರು ಜಾಮೀನುದಾರರ ಮೇಲೆ. ಬಡ್ಡಿ ವರ್ಷಕ್ಕೆ ನೂರಕ್ಕೆ ಹದಿನೆಂಟು, ಎಷ್ಟು ಉಳಿದಿದೆಯೋ ಅಷ್ಟಕ್ಕೇ. ಹತ್ತು ಸಾವಿರಕ್ಕೆ ತಿಂಗಳಿಗೆ ಒಂಬೈನೂರಾ ಹದಿನೇಳರಂತೆ ಹನ್ನೆರಡು ಕಂತು. ಶೇರಿಗೆ ಐನೂರು ಮುರಿದು ಕೈಗೆ ಒಂಬತ್ತೂವರೆ ಸಾವಿರ."

ಈ ಸಲ ಕ್ಯಾಸೆಟ್ಟಿನ ಜೊತೆ ನಾನೂ ಜೀಪು ಹತ್ತಿದೆ. ಜನ ಹೇಗೆ ಕೇಳುತ್ತಾರೆ ಎಂದು ನೋಡಬೇಕಿತ್ತು. ಸಾಹೇಬರು ರಜೆ ಎಂದು ಬರೆಯದೆ ಕೆಲಸ ಎಂದೇ ಬರೆದು ಕಳಿಸಿದರು. ಡ್ರೈವರ್ ಕಾಕಾ ಮಾತ್ರ ಬೇಜಾರಾಗಿದ್ದರು. "ಮೊದಲಿನ ಕ್ಯಾಸೆಟ್ ಚಲೋ ಇತ್ತಬೇ. ಇದು ಮುಗಿಯೂದ ಇಲ್ಲ" ಅನ್ನುತ್ತಿದ್ದರು.

ಹಾರೂಗೇರಿಯಲ್ಲಿ ಸಂತೆ. ಬಸ್‌ ನಿಲ್ದಾಣದ ಹತ್ತಿರ ಜೀಪು ನಿಲ್ಲಿಸಿದೆವು. "ಲಿಲಾವು" ಎಂಬ ಹರಾಜಿನ ಮಾತು ಬಂದ ಕೂಡಲೇ ಬಾಳೆಹಣ್ಣು ಮಾರುವವಳು ತಲೆ ಎತ್ತಿದಳು. ಜಾಹೀರಾತಿನಲ್ಲಿ ಲಿಲಾವು ಎನ್ನುವ ಮಾತನ್ನು ಅವಳು ಕೇಳಿರಲಿಕ್ಕಿಲ್ಲ. ಒಬ್ಬಿಬ್ಬರು ಹೆದರಿ ದೂರ ಹೋದರು. ಅಧ್ಯಕ್ಷರು ಹೇಳಿದ್ದೇ ನಿಜವಾಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದ ಒಬ್ಬ ಕಂಡಕ್ಟರ್, "ಇನ್ನೊಮ್ಮೆ ಹಚ್ಚ್ರಿ. ಆ ಶೇರಿನ ಮಾತು ಸರಿಯಾಗಿ ಕೇಳಸಲಿಲ್ಲ" ಅಂದ. ಇನ್ನೊಮ್ಮೆ ಹಚ್ಚಿದೆವು. ಮೂರನೆಯ ಸಲ ಹಚ್ಚುವ ಹೊತ್ತಿಗೆ ಸುತ್ತ ಜನ ಕೂತಿದ್ದರು. ಅವರೊಳಗೇ ವಾದ ಹತ್ತಿತು. ಶೇರಿನ ಐನೂರು ಖರ್ಚೋ, ಉಳಿತಾಯವೋ? ಕೈಗೆ ಬಾರದ ಐನೂರಕ್ಕೂ ಬಡ್ಡಿ ಕಟ್ಟಬೇಕಲ್ಲ ಎಂದು ಒಬ್ಬ ಹೇಳಿದ. ಅದು ನಿಜ, ಕಟ್ಟಬೇಕು. ನಾನು ಹೌದೆಂದೆ.

ಆ ದೀಪಾವಳಿಗೆ ನಮ್ಮಲ್ಲಿಗೆ ಬಂದವರು ಹಿಂದಿನ ವರ್ಷಕ್ಕಿಂತ ಕಡಿಮೆಯೇ. ಅಧ್ಯಕ್ಷರು ಅದನ್ನು ಹೇಳದೆ ಬಿಡಲಿಲ್ಲ. ಆದರೆ ಬಂದವರು ಕಾಗದಪತ್ರ ಹಿಡಿದೇ ಬಂದರು, ಕೌಂಟರಿನಿಂದ ಬರಿಗೈಯಲ್ಲಿ ತಿರುಗಿ ಹೋದವರು ಅಪರೂಪ. ಜಗಳ ಮಾಡಿದ್ದ ಮಾಸ್ತರರು ಎರಡೂ ಕಡೆಯ ಕಂತನ್ನು ತಾವೇ ಲೆಕ್ಕ ಹಾಕಿ ನಮ್ಮಲ್ಲಿಗೆ ಬಂದರು. ಅವರ ಸಹೋದ್ಯೋಗಿ ಮಾತ್ರ ಆ ಹನ್ನೆರಡರ ಕಡೆಗೇ ಹೋದರು. ಅಲ್ಲಿ ಜಾಮೀನು ಒಬ್ಬರದೇ ಸಾಕಿತ್ತು, ಅವರಿಗೆ ಇಬ್ಬರು ಸಿಗಲಿಲ್ಲ. ಎಲ್ಲ ತಿಳಿದೇ ಹೋದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ತಿರುಗಾಟದ ಕೊನೆಯ ದಿನ ಅಥಣಿ ಮುಗಿಸಿ, ಕಾಗವಾಡ ದಾಟಿ ಜುಗೂಳಕ್ಕೆ ಹೋದೆವು. ಕೃಷ್ಣೆಯ ದಂಡೆಯ ಮೇಲೆ ಜೀಪು ನಿಲ್ಲಿಸಿ ಮೊದಲು ಕನ್ನಡ, ಆಮೇಲೆ ಮರಾಠಿ ಹಚ್ಚಿದೆವು. ಹೊಳೆ ತುಂಬಿ ಮೆಲ್ಲಗೆ ಹರಿಯುತ್ತಿತ್ತು. ಕ್ಯಾಸೆಟ್ ಮುಗಿಯುವ ಹೊತ್ತಿಗೆ ಆಚೆ ದಡದಿಂದ ನಾವೆಯೊಂದು ಹೊರಟಿತು. ಅದರಿಂದ ಇಳಿದ ಒಬ್ಬ ರೈತ, ತಲೆಗೆ ಪಟಕಾ ಸುತ್ತಿದವನು, ನೇರ ಜೀಪಿನ ಹತ್ತಿರ ಬಂದ.

"ಬಾಯಾರ, ನಾ ಹೊಳಿ ಆಚೆಯಂವ. ನಿಮ್ಮ ಮಾತು ಪೂರಾ ಕೇಳಿಸಿತು. ಮರಾಠಿ ಚಲೋ ಮಾತಾಡ್ತೀರಿ. ನನಗೂ ಸಾಲ ಸಿಗ್ತೈತೇನ್ರಿ?"

ಆಚೆ ದಡ ಮಹಾರಾಷ್ಟ್ರ. ನಮ್ಮ ಬ್ಯಾಂಕಿನ ಕಾರ್ಯಕ್ಷೇತ್ರ ಮೂರು ತಾಲೂಕು. ಅದರ ಹೊರಗಿನವರು ಸದಸ್ಯರಾಗುವ ಹಾಗಿರಲಿಲ್ಲ, ಸದಸ್ಯರಾಗದೆ ಸಾಲವಿಲ್ಲ. ಅಷ್ಟೆಲ್ಲ ಯೋಚಿಸಿ, ಅಳೆದು, ತಾಯಿಯಿಂದ "ಏನಂದಿ" ಅನ್ನಿಸಿಕೊಂಡು ಬರೆದ ನನಗೆ ಇದೊಂದು ಹೊಳೆದಿರಲಿಲ್ಲ.

"ಇಲ್ರಿ ಕಾಕಾ" ಎಂದು ಕಾರಣ ಹೇಳಿದೆ.

ಅವನು ಹೊಳೆಯ ಕಡೆ ತಿರುಗಿ ನೋಡಿದ. "ಧ್ವನಿ ದಾಟಿತು, ಸಾಲ ದಾಟಂಗಿಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ನಾವೆ ತಿರುಗಿ ಹೋಗಲು ಇನ್ನೂ ಹೊತ್ತಿತ್ತು. ಅವನು ಜೀಪಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮರಾಠಿಯ ಭಾಗವನ್ನು ಇನ್ನೊಮ್ಮೆ ಹಚ್ಚಲು ಹೇಳಿದ.

"ಸಾಲ ಸಿಗಂಗಿಲ್ಲಲ್ರಿ, ಮತ್ಯಾಕ?" ಎಂದು ಡ್ರೈವರ್ ಕಾಕಾ ಕೇಳಿದರು.

"ನಮ್ಮ ಕಡೆ ಸೊಸೈಟಿಗೆ ಹೋಗಂವ ಅದೀನಿ. ಏನೇನ ಕೇಳಬೇಕಂತ ತಿಳಕೊಂಡ ಹೋಗ್ತೀನಿ."

ಹಚ್ಚಿದೆವು. ಅವನು ಬೆರಳು ಮಡಿಚುತ್ತ ಕೇಳಿದ. ಬಡ್ಡಿ ತಿಂಗಳದ್ದೋ ವರ್ಷದ್ದೋ, ಪೂರ್ತಿ ಅಸಲಿಗೋ ಉಳಿದದ್ದಕ್ಕೋ, ಮೊದಲೇ ಏನು ಮುರಿಯುತ್ತಾರೆ, ಕೈಗೆ ಎಷ್ಟು. ನಾವೆ ಹೊರಟಾಗ ಎದ್ದು ಹೋದ. ನಡುಹೊಳೆಯಲ್ಲಿ ಅವನು ಜೊತೆಗಿದ್ದವರಿಗೆ ಬೆರಳು ಮಡಿಚಿ ಏನೋ ಹೇಳುತ್ತಿದ್ದುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅಂವ ಅಲ್ಲಿ ಕೇಳಿದಾಗ ಅವರೇನು ಹೇಳಿಯಾರು ಎಂದು ಡ್ರೈವರ್ ಕಾಕಾನೂ ನಾನೂ ಕಾಗವಾಡದ ತನಕ ಮಾತಾಡಿಕೊಂಡು ಬಂದೆವು.